ಒಂದು ಫೇಸಿನಲ್ಲಿ ಮೂರು ಫೇಸಿನ ಮೋಟರ್: ಕಂಡೆನ್ಸರ್, ಡ್ರೈವ್ ಮತ್ತು ಕೈತಪ್ಪುವ ಸಾಮರ್ಥ್ಯ

ಮೂರು ಫೇಸಿನ ಇಂಡಕ್ಷನ್ ಮೋಟರನ್ನು ಒಂದೇ ಫೇಸಿನ ವಿದ್ಯುತ್ತಿನಲ್ಲಿ ಓಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ನೂರು ವರ್ಷಗಳೇ ಕಳೆದಿವೆ, ಸಾಧ್ಯವಿದೆ. ಹಾಗೆ ಓಡಿಸಿದಾಗ ಮೋಟರಿನ ಫಲಕದ ಮೇಲೆ ಬರೆದ ಸಾಮರ್ಥ್ಯದಲ್ಲಿ ಎಷ್ಟು ಪಾಲು ನಿಜಕ್ಕೂ ಸಿಗುತ್ತದೆ, ಉಳಿದ ಪಾಲು ಏಕೆ ಸಿಗುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ. ಮೂರು ಫೇಸಿನ ಸಂಪರ್ಕವಿಲ್ಲದ ಸಣ್ಣ ಕಾರ್ಖಾನೆಯವರು, ಹಿಟ್ಟಿನ ಗಿರಣಿಯವರು, ರಾತ್ರಿ ಸಿಂಗಲ್ ಫೇಸ್ ಕರೆಂಟ್ ಮಾತ್ರ ಬರುವ ಹಳ್ಳಿಗಳಲ್ಲಿ ಕೊಳವೆ ಬಾವಿಯ ನೀರೆತ್ತಬೇಕಾದ ರೈತರು ಈ ಪ್ರಶ್ನೆಯನ್ನು ದಿನವೂ ಎದುರಿಸುತ್ತಾರೆ. ಒಬ್ಬರು ಮೂರನೆಯ ಎರಡು ಪಾಲು ಸಿಗುತ್ತದೆ ಎಂದರೆ, ಇನ್ನೊಬ್ಬರು ಶೇಕಡಾ 80 ಎನ್ನುತ್ತಾರೆ, ಮತ್ತೊಬ್ಬರು ಡ್ರೈವ್ ಹಾಕಿದರೆ ಏನೂ ಕಳೆಯುವುದಿಲ್ಲ ಎನ್ನುತ್ತಾರೆ. ಈ ಮೂರು ಮಾತುಗಳೂ ತಮ್ಮ ತಮ್ಮ ಷರತ್ತುಗಳಲ್ಲಿ ನಿಜವಾಗಿದ್ದು, ಷರತ್ತುಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ಹೇಳುವುದರಿಂದ ಗೊಂದಲ ಹುಟ್ಟುತ್ತದೆ.

ಕೊರತೆಯ ಮೂಲ

ಮೂರು ಫೇಸಿನ ಸಮತೋಲಿತ ವ್ಯವಸ್ಥೆಯಲ್ಲಿ ಒಂದು ಫೇಸಿನ ಶಕ್ತಿ ಇಳಿಯುವಾಗ ಉಳಿದೆರಡರ ಶಕ್ತಿ ಏರಿ, ಮೋಟರಿಗೆ ತಲುಪುವ ಒಟ್ಟು ಶಕ್ತಿ ಪ್ರತಿ ಕ್ಷಣವೂ ಒಂದೇ ಆಗಿರುತ್ತದೆ. ಒಂದೇ ಫೇಸಿನಲ್ಲಿ ಹಾಗಲ್ಲ. 50 ಹರ್ಟ್ಸ್ ಪೂರೈಕೆಯಲ್ಲಿ ಶಕ್ತಿಯ ಹರಿವು ಸೆಕೆಂಡಿಗೆ ನೂರು ಬಾರಿ ಏರಿ ಇಳಿಯುತ್ತದೆ. ಆದ್ದರಿಂದ ಒಂದು ಫೇಸನ್ನು ಮೂರಾಗಿಸುವ ಯಾವುದೇ ಉಪಾಯವಾದರೂ ಶಕ್ತಿ ಹೆಚ್ಚಿರುವ ಕ್ಷಣದಲ್ಲಿ ಸ್ವಲ್ಪವನ್ನು ಕೂಡಿಟ್ಟು, ಕಡಿಮೆಯಾದ ಕ್ಷಣದಲ್ಲಿ ಮೋಟರಿಗೆ ಕೊಡಲೇಬೇಕು. ಕಂಡೆನ್ಸರ್ ಸಂಪರ್ಕದಲ್ಲಿ ಅದು ಎ.ಸಿ. ಕಂಡೆನ್ಸರಿನಲ್ಲಿ, ತಿರುಗುವ ಪರಿವರ್ತಕದಲ್ಲಿ ಯಂತ್ರದ ಕಾಂತಕ್ಷೇತ್ರ ಮತ್ತು ತಿರುಗುವ ರಾಶಿಯಲ್ಲಿ, ಡ್ರೈವಿನಲ್ಲಿ ಡಿ.ಸಿ. ಕಂಡೆನ್ಸರಿನಲ್ಲಿ ಕೂಡಿಕೊಳ್ಳುತ್ತದೆ. ಈ ವಿಧಾನಗಳ ಗುಣದೋಷಗಳೆಲ್ಲ ಬಹುಮಟ್ಟಿಗೆ ಈ ಕೂಡಿಡುವ ಜಾಗದ ವ್ಯತ್ಯಾಸದಿಂದಲೇ ಬರುತ್ತವೆ.

ಮೋಟರಿನ ಒಳಗಿನಿಂದ ನೋಡಿದರೆ ಅದೇ ಕೊರತೆ ಬೇರೆ ರೂಪದಲ್ಲಿ ಕಾಣುತ್ತದೆ. ಒಂದೇ ಫೇಸು ಹುಟ್ಟಿಸುವ ಕಾಂತಕ್ಷೇತ್ರ ತಿರುಗುವುದಿಲ್ಲ, ನಿಂತಲ್ಲೇ ಏರಿಳಿಯುತ್ತದೆ. ಅದನ್ನು ಸಮಬಲದ ಎರಡು ಕ್ಷೇತ್ರಗಳೆಂದು, ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗುತ್ತದೆಂದು ಭಾವಿಸಬಹುದು. ನಿಂತ ಮೋಟರಿನಲ್ಲಿ ಈ ಎರಡರ ಎಳೆತವೂ ಸಮನಾಗಿರುವುದರಿಂದ ಅದು ಗುಂಯ್‌ಗುಟ್ಟುತ್ತ ನಿಂತೇ ಇರುತ್ತದೆ. ಒಮ್ಮೆ ತಿರುಗತೊಡಗಿದರೆ ಮುಂದಿನ ಕ್ಷೇತ್ರ ಮೇಲುಗೈ ಪಡೆಯುತ್ತದೆ, ಆದರೆ ಹಿಂದಿನದು ಪೂರ್ತಿ ಮಾಯವಾಗದೆ ಬ್ರೇಕಿನಂತೆ ಎಳೆಯುತ್ತ ರೋಟರನ್ನು ಕಾಯಿಸುತ್ತದೆ.

ಪ್ರಶ್ನೆ ಬೆಳೆದುಬಂದ ಬಗೆ

ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿ 1889ರಲ್ಲಿ ಮೂರು ಫೇಸಿನ ಪಂಜರ ರೋಟರ್ ಮೋಟರನ್ನು ರೂಪಿಸಿದರು. 1891ರಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿಲೋಮೀಟರ್ ದೂರ ಮೂರು ಫೇಸಿನ ವಿದ್ಯುತ್ ಹರಿದ ಮೇಲೆ ಈ ಪದ್ಧತಿ ಜಗತ್ತಿನಲ್ಲಿ ನೆಲೆಯೂರಿತು. ತೊಡಕು ಮೊದಲು ದೊಡ್ಡದಾಗಿ ಎದುರಾದದ್ದು ರೈಲ್ವೆಯಲ್ಲಿ. ರೈಲಿನ ಮೇಲೆ ಒಂದೇ ತಂತಿ ಎಳೆಯುವುದು ಸುಲಭ, ಮೂರು ಫೇಸಿನ ಮೋಟರು ಗಟ್ಟಿಮುಟ್ಟು. ಎರಡನ್ನೂ ಬಿಡಲಾಗದೆ ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ 1915ರಲ್ಲಿ ಎಂಜಿನ್ನಿನ ಒಳಗೇ ತಿರುಗುವ ಫೇಸ್ ಪರಿವರ್ತಕವನ್ನಿಟ್ಟು, ಒಂದು ಫೇಸಿನ ತಂತಿಯಿಂದ ಮೂರು ಫೇಸಿನ ಮೋಟರುಗಳನ್ನು ಓಡಿಸಿತು.

ಇಂತಹ ಪರಿವರ್ತಕಗಳ ವರ್ತನೆಯನ್ನು ಲೆಕ್ಕ ಹಾಕುವ ಪ್ರಯತ್ನದಿಂದಲೇ ವಿದ್ಯುತ್ ಶಾಸ್ತ್ರದ ಒಂದು ಮೂಲಭೂತ ಸಾಧನ ಹುಟ್ಟಿತೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಚಾರ್ಲ್ಸ್ ಫೋರ್ಟೆಸ್ಕ್ಯೂ 1913ರಲ್ಲಿ ಅಸಮತೋಲಿತ ಪೂರೈಕೆಯಲ್ಲಿ ಇಂಡಕ್ಷನ್ ಮೋಟರ್ ಹೇಗೆ ನಡೆದುಕೊಳ್ಳುತ್ತದೆಂದು ಪರಿಶೀಲಿಸತೊಡಗಿ, ಅದನ್ನು ವಿಸ್ತರಿಸಿ 1918ರಲ್ಲಿ ಸಮ್ಮಿತ ಘಟಕಗಳ ಸಿದ್ಧಾಂತವನ್ನು ಪ್ರಕಟಿಸಿದರು. ಎಷ್ಟೇ ಅಸಮವಾದ ಮೂರು ವೋಲ್ಟೇಜುಗಳನ್ನಾದರೂ ಮುಂದಕ್ಕೆ ತಿರುಗುವ ಒಂದು ಸಮ ಗುಂಪು, ಹಿಂದಕ್ಕೆ ತಿರುಗುವ ಒಂದು ಸಮ ಗುಂಪು ಮತ್ತು ತಿರುಗದ ಒಂದು ಗುಂಪು ಎಂದು ಬಿಡಿಸಬಹುದೆಂಬುದು ಅದರ ತಿರುಳು. ಒಂದೇ ಕಂಡೆನ್ಸರಿನಿಂದ ಮೂರನೆಯ ಫೇಸನ್ನು ಪಡೆಯುವ ಜೋಡಣೆ ಚಾರ್ಲ್ಸ್ ಸ್ಟೈನ್ಮೆಟ್ಜ್ ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಕಂಡೆನ್ಸರ್ ಪಕ್ಷ

ಸ್ಟೈನ್ಮೆಟ್ಜ್ ಜೋಡಣೆಯಲ್ಲಿ ಮೋಟರಿನ ಎರಡು ತುದಿಗಳಿಗೆ ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ಸೇರುತ್ತವೆ, ಮೂರನೆಯ ತುದಿ ಕಂಡೆನ್ಸರಿನ ಮೂಲಕ ಅವೆರಡರಲ್ಲಿ ಒಂದಕ್ಕೆ ಸೇರುತ್ತದೆ; ಕಂಡೆನ್ಸರನ್ನು ಇನ್ನೊಂದಕ್ಕೆ ಬದಲಾಯಿಸಿದರೆ ಮೋಟರ್ ತಿರುಗುವ ದಿಕ್ಕೂ ಬದಲಾಗುತ್ತದೆ. ವೈಂಡಿಂಗ್ ಅಂಗಡಿಗಳ ಅನುಭವದ ಮಾತು ಈ ಪಕ್ಷದ ಬಲ: ಬಿಡಿಭಾಗಗಳು ಕಡಿಮೆ, ಬೆಲೆ ಕಡಿಮೆ, ಕೆಟ್ಟರೆ ಊರಲ್ಲೇ ಸರಿಮಾಡಿಕೊಳ್ಳಬಹುದು.

ಈ ಜೋಡಣೆ ಯಾವಾಗ ಪರಿಪೂರ್ಣವಾಗುತ್ತದೆ ಎಂಬುದನ್ನು ಲೆಕ್ಕ ಸ್ಪಷ್ಟವಾಗಿ ಹೇಳುತ್ತದೆ. ಮೂರು ವೋಲ್ಟೇಜುಗಳೂ ಸಮನಾಗಬೇಕಾದರೆ ಮೋಟರಿನ ಪವರ್ ಫ್ಯಾಕ್ಟರ್ ಸರಿಯಾಗಿ 0.5 ಇರಬೇಕು, ಅಂದರೆ ಪ್ರವಾಹ ವೋಲ್ಟೇಜಿಗಿಂತ 60 ಡಿಗ್ರಿ ಹಿಂದಿರಬೇಕು. ಮತ್ತು ಆ ಕ್ಷಣದ ಲೈನ್ ಪ್ರವಾಹಕ್ಕೆ ಹೊಂದುವ ಕಂಡೆನ್ಸರ್ ಇರಬೇಕು. ಅದರ ಸೂತ್ರ ಸರಳ:

C = I / (2πfV)

ಸಾಮಾನ್ಯವಾಗಿ ಕಾಣುವ 1.5 ಕಿಲೋವ್ಯಾಟ್, ಅಂದರೆ 2 ಅಶ್ವಶಕ್ತಿಯ ಮೋಟರೊಂದನ್ನು ತೆಗೆದುಕೊಂಡು ಇದನ್ನು ನೋಡಬಹುದು. ಅದು ಸ್ಟಾರ್ ಸಂಪರ್ಕದಲ್ಲಿ 415 ವೋಲ್ಟಿಗೆ ಸಿದ್ಧವಾದದ್ದು, ದಕ್ಷತೆ ಶೇಕಡಾ 82, ಪವರ್ ಫ್ಯಾಕ್ಟರ್ 0.78 ಎಂದಿಟ್ಟುಕೊಂಡರೆ ಪೂರ್ಣ ಹೊರೆಯಲ್ಲಿ ಸುಮಾರು 1,830 ವ್ಯಾಟ್ ಎಳೆದು 3.26 ಆಂಪಿಯರ್ ತೆಗೆದುಕೊಳ್ಳುತ್ತದೆ. ಟರ್ಮಿನಲ್ ಪೆಟ್ಟಿಗೆಯ ಲಿಂಕ್ ಪಟ್ಟಿಗಳನ್ನು ಬದಲಿಸಿ ಡೆಲ್ಟಾ ಮಾಡಿದರೆ ಅದೇ ಮೋಟರ್ 240 ವೋಲ್ಟಿನಲ್ಲಿ 5.65 ಆಂಪಿಯರ್ ತೆಗೆದುಕೊಳ್ಳುತ್ತದೆ. ಪವರ್ ಫ್ಯಾಕ್ಟರ್ 0.5ಕ್ಕೆ ಇಳಿಯುವುದು ಹೊರೆ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿರುವಾಗ. ಆಗಿನ ಪ್ರವಾಹ ಸುಮಾರು 3.4 ಆಂಪಿಯರ್, ಬೇಕಾದ ಕಂಡೆನ್ಸರ್ ಸುಮಾರು 45 ಮೈಕ್ರೋಫ್ಯಾರಡ್. ಪೂರ್ಣ ಪ್ರವಾಹವನ್ನೇ ಸೂತ್ರಕ್ಕೆ ಹಾಕಿದರೆ 75 ಬರುತ್ತದೆ. ಆದರೆ ಬಳಕೆಯಲ್ಲಿರುವ ಅಂದಾಜು ನಿಯಮ ಕಿಲೋವ್ಯಾಟಿಗೆ 70 ಮೈಕ್ರೋಫ್ಯಾರಡ್ ಎನ್ನುತ್ತದೆ, ಅದರಂತೆ 105 ಆಗುತ್ತದೆ. ಈ ಮೂರರಲ್ಲಿ ಯಾವುದೂ ತಪ್ಪಲ್ಲ. ಪ್ರತಿಯೊಂದೂ ಬೇರೆ ಹೊರೆಗೆ ಹೇಳಿದ್ದು. ದೊಡ್ಡ ಕಂಡೆನ್ಸರ್ ಹಾಕಿದ ಮೋಟರನ್ನು ಹೊರೆಯಿಲ್ಲದೆ ಓಡಿಸಿದರೆ ಕಂಡೆನ್ಸರಿಗೆ ಸೇರಿದ ಸುರುಳಿಯಲ್ಲಿ ವೋಲ್ಟೇಜ್ ಏರಿ ಪ್ರವಾಹ ಮಿತಿ ಮೀರುತ್ತದೆ, ಆದ್ದರಿಂದ ಕೆಲಸವೇ ಮಾಡದೆ ಓಡುವ ಮೋಟರ್ ಸುಡುವಷ್ಟು ಬಿಸಿಯಾಗುವುದುಂಟು. ಮರ ಕೊಯ್ಯುವ ಯಂತ್ರದಂತೆ ಹೊರೆ ಸದಾ ಬದಲಾಗುವ ಕಡೆ ಈ ಜೋಡಣೆ ಏಕೆ ಕೆಡುತ್ತದೆ, ಒಂದೇ ಹೊರೆಯಲ್ಲಿ ಗಂಟೆಗಟ್ಟಲೆ ಓಡುವ ಫ್ಯಾನ್ ಮತ್ತು ಪಂಪುಗಳಲ್ಲಿ ಏಕೆ ಬಾಳುತ್ತದೆ ಎಂಬುದಕ್ಕೆ ಕಾರಣ ಇದೇ.

ಆರಂಭದ ಎಳೆತ ಈ ಪಕ್ಷದ ದುರ್ಬಲ ಭಾಗ. ಓಡುವಾಗಿನ ಕಂಡೆನ್ಸರ್ ಒಂದೇ ಇದ್ದರೆ ಶುರುವಿನ ಟಾರ್ಕ್ ಮಾಮೂಲಿನ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅದಕ್ಕಾಗಿ ಎರಡರಷ್ಟು ದೊಡ್ಡದಾದ ಸ್ಟಾರ್ಟಿಂಗ್ ಕಂಡೆನ್ಸರನ್ನು ಕೆಲವೇ ಸೆಕೆಂಡು ಜೊತೆಗೂಡಿಸಿ, ವೇಗ ಬಂದ ಕೂಡಲೇ ರಿಲೇ ಇಲ್ಲವೇ ಗುಂಡಿಯಿಂದ ಬಿಡಿಸಬೇಕಾಗುತ್ತದೆ. ಬಿಡಿಸದಿದ್ದರೆ ಅದು ಸಿಡಿಯುತ್ತದೆ. ಸದಾ ಸಂಪರ್ಕದಲ್ಲಿರುವ ಕಂಡೆನ್ಸರ್ ಮೋಟರ್ ರನ್ ವರ್ಗದ್ದಾಗಿ, 440 ವೋಲ್ಟ್ ಎ.ಸಿ. ತಾಳುವಂಥದ್ದಾಗಿರಬೇಕು.

ಎಷ್ಟು ಕಳೆಯುತ್ತದೆ ಎಂಬ ವಿವಾದ

ಹಿಂದಕ್ಕೆ ತಿರುಗುವ ಕ್ಷೇತ್ರದ ದೃಷ್ಟಿಯಿಂದ ರೋಟರ್ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಎದುರು ಬರುತ್ತಿರುತ್ತದೆ, ಅದರಲ್ಲಿ ಸುಮಾರು 100 ಹರ್ಟ್ಸ್ ಪ್ರವಾಹ ಹುಟ್ಟುತ್ತದೆ. ಈ ಸ್ಥಿತಿಯಲ್ಲಿ ಮೋಟರ್ ತೋರುವ ತಡೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ತೋರುವ ತಡೆಯಷ್ಟೇ ಕಡಿಮೆ. ಶುರುವಿನ ಪ್ರವಾಹ ಮಾಮೂಲಿನ ಆರು ಪಟ್ಟು ಇರುವ ಮೋಟರಿನಲ್ಲಿ ಶೇಕಡಾ 5ರಷ್ಟು ಹಿಮ್ಮುಖ ವೋಲ್ಟೇಜ್ ಸಾಕು, ಶೇಕಡಾ 30ರಷ್ಟು ಹಿಮ್ಮುಖ ಪ್ರವಾಹ ಹರಿಯುತ್ತದೆ.

ಇಲ್ಲಿಂದ ಮುಂದೆ ಲೆಕ್ಕ ಕವಲೊಡೆಯುತ್ತದೆ. ಮೋಟರಿನ ಒಟ್ಟು ಬಿಸಿ ಮಿತಿ ಮೀರಬಾರದು ಎಂಬುದಷ್ಟೇ ಷರತ್ತಾದರೆ, ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, 0.3ರ ವರ್ಗವಾದ 0.09 ಭಾಗ ಹಿಮ್ಮುಖ ಪ್ರವಾಹಕ್ಕೆ ಹೋಗಿ ಉಪಯುಕ್ತ ಪ್ರವಾಹಕ್ಕೆ 0.91 ಉಳಿಯುತ್ತದೆ; ಅದರ ವರ್ಗಮೂಲ ಸುಮಾರು 0.95, ಎಂದರೆ ನಷ್ಟ ಬರೀ ಶೇಕಡಾ 5. ಆದರೆ ಎರಡು ಪ್ರವಾಹಗಳು ಮೂರು ಸುರುಳಿಗಳಲ್ಲಿ ಸಮನಾಗಿ ಕೂಡುವುದಿಲ್ಲ; ಒಂದರಲ್ಲಿ ಅವು ನೇರವಾಗಿ ಕೂಡಿಕೊಳ್ಳಬಹುದು. ಆ ಒಂದು ಸುರುಳಿಯೂ ಮಿತಿ ಮೀರಬಾರದೆಂದರೆ ಉಪಯುಕ್ತ ಪ್ರವಾಹವನ್ನು 0.7ಕ್ಕೆ ಇಳಿಸಬೇಕಾಗುತ್ತದೆ, ನಷ್ಟ ಶೇಕಡಾ 30 ಆಗುತ್ತದೆ. ಹಿಮ್ಮುಖ ವೋಲ್ಟೇಜ್ ಶೇಕಡಾ 10 ಆದರೆ ಮೊದಲ ಲೆಕ್ಕ 0.8 ಎನ್ನುತ್ತದೆ, ಎರಡನೆಯದು 0.4 ಎನ್ನುತ್ತದೆ. ಅಮೆರಿಕದ ನೆಮಾ ಸಂಸ್ಥೆಯ ಎಂಜಿ 1 ಮಾನದಂಡ ಶೇಕಡಾ 5ರ ವೋಲ್ಟೇಜ್ ಅಸಮತೋಲಕ್ಕೆ ಸುಮಾರು 0.75 ಎಂಬ ಅಂಶವನ್ನು ಕೊಟ್ಟು, ಅದಕ್ಕಿಂತ ಹೆಚ್ಚಿನ ಅಸಮತೋಲದಲ್ಲಿ ಮೋಟರನ್ನು ಓಡಿಸುವುದು ಸಲ್ಲದು ಎನ್ನುತ್ತದೆ. ಆ ಅಂಕಿ ಮೇಲಿನ ಎರಡು ಲೆಕ್ಕಗಳ ನಡುವೆ, ಕಟ್ಟುನಿಟ್ಟಿನ ಕಡೆಗೆ ವಾಲಿ ನಿಂತಿದೆ.

ಸ್ಟೈನ್ಮೆಟ್ಜ್ ಜೋಡಣೆಗೆ ಹೇಳುವ ಶೇಕಡಾ 70 ಎಂಬ ರೂಢಿಯ ಅಂಕಿಯನ್ನು ಈ ಬೆಳಕಿನಲ್ಲಿ ಓದಬೇಕು. ಕಂಡೆನ್ಸರ್ ಆ ಹೊರೆಗೆ ಸರಿಯಾಗಿ ಹೊಂದಿದ್ದರೆ ಮಾತ್ರ ಅದು ನಿಜ. ಹೊಂದದಿದ್ದರೆ ಶೇಕಡಾ 50ರಲ್ಲೇ ಒಂದು ಸುರುಳಿ ಕಪ್ಪಗಾಗಬಹುದು. ಕಂಡೆನ್ಸರೇ ಇಲ್ಲದೆ, ತಳ್ಳಿ ತಿರುಗಿಸಿ ಬಿಟ್ಟ ಮೋಟರಿನಲ್ಲಿ ವೋಲ್ಟೇಜ್, ಪ್ರವಾಹ, ಪವರ್ ಫ್ಯಾಕ್ಟರ್ ಹಾಗೇ ಇದ್ದರೂ ಶಕ್ತಿ ಮೂರರ ವರ್ಗಮೂಲದಷ್ಟು ಕುಗ್ಗಿ ಶೇಕಡಾ 58ಕ್ಕೆ ನಿಲ್ಲುತ್ತದೆ, ನಿಜದಲ್ಲಿ ಇನ್ನೂ ಕಡಿಮೆ. ಮೇಲಿನ 1.5 ಕಿಲೋವ್ಯಾಟ್ ಮೋಟರಿನಿಂದ ಕಂಡೆನ್ಸರಿನಲ್ಲಿ ಸುಮಾರು 1 ಕಿಲೋವ್ಯಾಟ್ ಕೆಲಸ ತೆಗೆಯುವುದು ನ್ಯಾಯವಾದ ನಿರೀಕ್ಷೆ.

ಸರಿಹೊಂದಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಸುಲಭ. ನಿಜವಾದ ಹೊರೆಯಲ್ಲಿ ಮೋಟರ್ ಓಡುತ್ತಿರುವಾಗ ಕ್ಲಾಂಪ್ ಮೀಟರಿನಿಂದ ಪ್ರತಿ ಸುರುಳಿಯ ಪ್ರವಾಹವನ್ನೂ, ಮೂರು ತುದಿಗಳ ನಡುವಿನ ವೋಲ್ಟೇಜುಗಳನ್ನೂ ಅಳೆಯಬೇಕು. ಡೆಲ್ಟಾದ ಒಂದೊಂದು ಸುರುಳಿಯ ಮಿತಿ ಲೈನ್ ಪ್ರವಾಹವಲ್ಲ. ಈ ಮೋಟರಿನಲ್ಲಿ ಅದು ಸ್ಟಾರ್‌ನ 3.26 ಆಂಪಿಯರೇ. ಮೂರರಲ್ಲಿ ಯಾವುದೂ ಅದನ್ನು ಮೀರದಂತೆ ಕಂಡೆನ್ಸರನ್ನು ಐದೈದು ಮೈಕ್ರೋಫ್ಯಾರಡ್ ಹೆಚ್ಚು ಕಡಿಮೆ ಮಾಡಿ ನೋಡಬೇಕು, ಪ್ರತಿ ಸಲವೂ ಪೂರೈಕೆ ತೆಗೆದು ಕಂಡೆನ್ಸರಿನ ಚಾರ್ಜನ್ನು ರೆಸಿಸ್ಟರಿನ ಮೂಲಕ ಇಳಿಸಿದ ನಂತರವೇ ಕೈ ಹಾಕಬೇಕು. ಜೋರಾದ 100 ಹರ್ಟ್ಸ್ ಗುಂಯ್‌ಗುಡುವಿಕೆ ಮತ್ತು ನಡುಕ ಅಸಮತೋಲದ ಹೊರಗುರುತುಗಳು.

ಡ್ರೈವ್ ಪಕ್ಷ

ವಿ.ಎಫ್.ಡಿ. ಎಂದು ಕರೆಯುವ ಡ್ರೈವ್ ಒಂದು ಫೇಸಿನ ಎ.ಸಿ.ಯನ್ನು ಡಿ.ಸಿ. ಮಾಡಿ, ಕಂಡೆನ್ಸರುಗಳಲ್ಲಿ ಕೂಡಿಟ್ಟು, ಟ್ರಾನ್ಸಿಸ್ಟರುಗಳಿಂದ ಮತ್ತೆ ಮೂರು ಫೇಸಿನ ಎ.ಸಿ.ಯಾಗಿ ಕಟ್ಟುತ್ತದೆ. ಹೊರಬರುವ ಮೂರು ಫೇಸುಗಳು ಎಲ್ಲ ಹೊರೆಯಲ್ಲೂ ಸಮತೋಲದಲ್ಲಿರುವುದರಿಂದ ಹಿಮ್ಮುಖ ಕ್ಷೇತ್ರದ ಸಮಸ್ಯೆಯೇ ಇಲ್ಲ. ಮೋಟರ್ ತನ್ನ ಪೂರ್ಣ ಸಾಮರ್ಥ್ಯವನ್ನು ಕೊಡಬಲ್ಲದು, ಡ್ರೈವಿನೊಳಗೆ ಬಿಸಿಯಾಗಿ ಹೋಗುವುದು ಕೆಲವೇ ಶೇಕಡಾ. ಏನೂ ಕಳೆಯುವುದಿಲ್ಲ ಎಂಬ ಮಾತಿನ ಆಧಾರ ಇದು.

ಆದರೆ ಎರಡು ಕಡೆ ಈ ಮಾತು ಸೋಲುತ್ತದೆ. ಮೊದಲನೆಯದು ವೋಲ್ಟೇಜ್. ಸಾಮಾನ್ಯ ಡ್ರೈವ್ ಒಳಬಂದ ವೋಲ್ಟೇಜಿಗಿಂತ ಹೆಚ್ಚನ್ನು ಕೊಡಲಾರದು. 240 ವೋಲ್ಟಿನ ಪೂರೈಕೆಯಿಂದ ಸುಮಾರು 340 ವೋಲ್ಟ್ ಡಿ.ಸಿ. ಸಿಕ್ಕಿ, ಅದರಿಂದ ಮತ್ತೆ 240 ವೋಲ್ಟಿನ ಮೂರು ಫೇಸು ಬರುತ್ತದೆ. ಆದ್ದರಿಂದ ಮೋಟರ್ ಡೆಲ್ಟಾದಲ್ಲಿರಬೇಕು. ಲಿಂಕ್ ಪಟ್ಟಿಗಳನ್ನು ಬದಲಿಸದೆ ಸ್ಟಾರ್‌ನಲ್ಲೇ ಬಿಟ್ಟರೆ 415 ವೋಲ್ಟಿನ ಮೋಟರಿಗೆ 240 ಸಿಕ್ಕಂತಾಗಿ, 29 ಹರ್ಟ್ಸ್‌ವರೆಗೆ ಮಾತ್ರ ಸರಿಯಾದ ಕಾಂತಬಲ ಇರುತ್ತದೆ. 50 ಹರ್ಟ್ಸ್‌ನಲ್ಲಿ ಗರಿಷ್ಠ ಟಾರ್ಕ್ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಡ್ರೈವ್ ಹಾಕಿದರೂ ಮೋಟರ್ ಎಳೆಯುತ್ತಿಲ್ಲ ಎಂಬ ದೂರಿನಲ್ಲಿ ಮೊದಲು ತೆರೆದು ನೋಡಬೇಕಾದದ್ದು ಡ್ರೈವನ್ನಲ್ಲ, ಟರ್ಮಿನಲ್ ಪೆಟ್ಟಿಗೆಯನ್ನು. ಒಳಗಡೆಯೇ 415 ವೋಲ್ಟಿಗೆ ಡೆಲ್ಟಾ ಕಟ್ಟಿದ, ಮೂರೇ ತಂತಿ ಹೊರಬಂದ ಮೋಟರುಗಳಿಗೆ ಈ ಬದಲಾವಣೆ ಸಾಧ್ಯವಿಲ್ಲ; ಅವುಗಳಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಇಲ್ಲವೇ ವೋಲ್ಟೇಜ್ ಇಮ್ಮಡಿಸುವ ವಿಶೇಷ ಡ್ರೈವ್ ಬೇಕು.

ಎರಡನೆಯದು ಒಳಬರುವ ಪ್ರವಾಹ. ಡಯೋಡ್ ರೆಕ್ಟಿಫೈಯರ್ ವೋಲ್ಟೇಜಿನ ತುದಿಯಲ್ಲಿ ಮಾತ್ರ ಪ್ರವಾಹವನ್ನು ತುಂಡು ತುಂಡಾಗಿ ಎಳೆಯುತ್ತದೆ, ಪವರ್ ಫ್ಯಾಕ್ಟರ್ 0.65ರ ಹತ್ತಿರ ಇರುತ್ತದೆ. ನಮ್ಮ ಉದಾಹರಣೆಯ ಮೋಟರಿಗೆ ಡ್ರೈವ್ ಸುಮಾರು 1,900 ವ್ಯಾಟ್ ತೆಗೆದುಕೊಂಡರೆ ಒಳಗಿನ ಪ್ರವಾಹ 12 ಆಂಪಿಯರಿಗೆ ಏರುತ್ತದೆ, ಮೋಟರಿನ ಕಡೆ 5.65 ಇದ್ದಾಗಲೂ. ತಂತಿ, ಸ್ವಿಚ್ಚು, ಸರ್ವೀಸ್ ವಯರು ಎಲ್ಲವೂ ಈ ದೊಡ್ಡ ಅಂಕಿಗೆ ತಕ್ಕುದಾಗಿರಬೇಕು. ಮೂರು ಫೇಸಿನ ಪೂರೈಕೆಗೆಂದೇ ತಯಾರಾದ ದೊಡ್ಡ ಡ್ರೈವಿಗೆ ಒಂದೇ ಫೇಸು ಕೊಟ್ಟಾಗ ಡಿ.ಸಿ. ಕಂಡೆನ್ಸರಿನ ಏರಿಳಿತ 300 ಹರ್ಟ್ಸ್ ಬದಲು 100 ಹರ್ಟ್ಸ್ ಆಗಿ ಆಳವಾಗುತ್ತದೆ, ಆದ್ದರಿಂದ ಅದನ್ನು ಫಲಕದ ಸಾಮರ್ಥ್ಯದ ಅರ್ಧಕ್ಕಷ್ಟೇ ಬಳಸುವುದು ರೂಢಿ. ಇಲ್ಲಿ ಮೋಟರಿನ ಬದಲು ಡ್ರೈವಿನ ಸಾಮರ್ಥ್ಯ ಕುಗ್ಗುತ್ತದೆ, ಬೆಲೆ ಆ ಮೇರೆಗೆ ಏರುತ್ತದೆ.

ವೇಗ ತಗ್ಗಿಸಿ ವಿದ್ಯುತ್ ಉಳಿಸಬಹುದೆಂಬ ವಾದವನ್ನೂ ಎಚ್ಚರದಿಂದ ನೋಡಬೇಕು. ಪಂಪಿನ ವೇಗ ಶೇಕಡಾ 80ಕ್ಕೆ ಇಳಿದರೆ ಬೇಕಾದ ಶಕ್ತಿ ಸುಮಾರು ಅರ್ಧವಾಗುತ್ತದೆ ಎಂಬ ನಿಯಮ ಸರಿ, ಆದರೆ ಅದೇ ವೇಗದಲ್ಲಿ ಪಂಪು ನೀರನ್ನು ಎತ್ತಬಲ್ಲ ಎತ್ತರ ಶೇಕಡಾ 64ಕ್ಕೆ ಇಳಿಯುತ್ತದೆ. ಆಳದ ಕೊಳವೆ ಬಾವಿಯಲ್ಲಿ ನೀರು ಮೇಲಕ್ಕೆ ಬಾರದೆ ಪಂಪು ಸುಮ್ಮನೆ ಕಡೆಯುತ್ತಿರುವ ಸ್ಥಿತಿ ಬರಬಹುದು.

ಪೂರೈಕೆದಾರರ ಪಕ್ಷ ಮತ್ತು ರಾತ್ರಿಯ ಸಿಂಗಲ್ ಫೇಸ್

ವಿದ್ಯುತ್ ಸರಬರಾಜು ಕಂಪನಿಗಳ ವಾದ ಈ ಎರಡಕ್ಕೂ ವಿರುದ್ಧವಾದದ್ದು: ಪಂಪನ್ನು ಮೂರು ಫೇಸು ಇರುವ ಹೊತ್ತಿನಲ್ಲಿ ಮಾತ್ರ ಓಡಿಸಬೇಕು. ಕರ್ನಾಟಕದ ಹಳ್ಳಿಗಳಲ್ಲಿ ನೀರಾವರಿಗೆ ಮೂರು ಫೇಸಿನ ಪೂರೈಕೆಯನ್ನು ನಿಗದಿತ ಗಂಟೆಗಳಿಗೆ ಸೀಮಿತಗೊಳಿಸಿ, ಉಳಿದ ಹೊತ್ತು ಮನೆದೀಪಕ್ಕೆ ಮಾತ್ರ ಸಾಕಾಗುವ ಪೂರೈಕೆ ಕೊಡುವ ಪದ್ಧತಿ ಬೆಳೆದದ್ದು ಈ ಹಿನ್ನೆಲೆಯಲ್ಲಿ. ರೈತರು ಸ್ಟಾರ್ಟರಿನ ಸಿಂಗಲ್ ಫೇಸ್ ಪ್ರಿವೆಂಟರನ್ನು ತಪ್ಪಿಸಿ, ಕಂಡೆನ್ಸರ್ ಸೇರಿಸಿ ರಾತ್ರಿಯೂ ಪಂಪು ಓಡಿಸತೊಡಗಿದರು. ಮನೆಗಳ ಮಾರ್ಗವನ್ನೂ ಪಂಪಿನ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಇದಕ್ಕೆ ಒಂದು ಉತ್ತರವಾಗಿತ್ತು.

11 ಕೆ.ವಿ. ಮಾರ್ಗದ ಮೂರು ತಂತಿಗಳಲ್ಲಿ ಒಂದನ್ನು ಬಿಡಿಸಿದಾಗ ಡೆಲ್ಟಾ–ಸ್ಟಾರ್ ಟಿ.ಸಿ.ಯ ಕೆಳಬದಿಯಲ್ಲಿ ಏನಾಗುತ್ತದೆಂದು ನೋಡಿದರೆ ಕಂಪನಿಗಳ ಆತಂಕ ಅರ್ಥವಾಗುತ್ತದೆ. ಒಂದು ಫೇಸಿಗೆ ಪೂರ್ತಿ 240 ವೋಲ್ಟ್ ಬರುತ್ತದೆ. ಉಳಿದೆರಡು ಅರ್ಧಕ್ಕೆ, ಅಂದರೆ 120ಕ್ಕೆ ಇಳಿದು ವಿರುದ್ಧ ದಿಕ್ಕಿನಲ್ಲಿರುತ್ತವೆ. ಆದ್ದರಿಂದ ಪೂರ್ತಿ ಫೇಸು ಮತ್ತು ಅರ್ಧ ಫೇಸಿನ ನಡುವೆ 360 ವೋಲ್ಟ್ ಸಿಗುತ್ತದೆ, ಎರಡು ಅರ್ಧಗಳ ನಡುವೆ ಏನೂ ಇರುವುದಿಲ್ಲ. ಈ 360 ವೋಲ್ಟೇ ಕಂಡೆನ್ಸರ್ ಜೋಡಿಸಿದ ಪಂಪನ್ನು ಓಡಿಸುತ್ತದೆ. ದಕ್ಷತೆ ಶೇಕಡಾ 75ರ ಆಸುಪಾಸಿನ 5 ಅಶ್ವಶಕ್ತಿಯ ಪಂಪು ಪೂರ್ಣ ಹೊರೆಯಲ್ಲಿ ಸುಮಾರು 16 ಆಂಪಿಯರ್ ಎಳೆದರೆ, ಮೂರು ಪಂಪುಗಳು ಸೇರಿ 48 ಆಂಪಿಯರ್ ಆಗುತ್ತದೆ, 25 ಕೆ.ವಿ.ಎ. ಟಿ.ಸಿ.ಯ ಒಂದು ಸುರುಳಿ ತಾಳುವುದು ಸುಮಾರು 35. ಎಲ್ಲ ಹೊರೆಯೂ ಅದೊಂದೇ ಫೇಸಿನ ಮೇಲೆ ಬೀಳುವುದರಿಂದ ಟಿ.ಸಿ. ಸುಟ್ಟು, ದೀಪವಷ್ಟೇ ಉರಿಸುತ್ತಿದ್ದ ಮನೆಗಳೂ ಕತ್ತಲಾಗುತ್ತವೆ. ರೈತರ ಕಷ್ಟ ನಿಜವಾದದ್ದು, ಹಗಲಿನ ಪೂರೈಕೆ ಸಾಲದೆಂಬ ದೂರಿನಲ್ಲಿ ನ್ಯಾಯವಿದೆ. ಆದರೆ ಕಂಡೆನ್ಸರ್ ವಾದ ಒಂಟಿ ಮೋಟರಿಗೆ ಸರಿಯಾಗಿದ್ದರೂ ಊರಿನ ಟಿ.ಸಿ.ಗೆ ಸರಿಯಾಗುವುದಿಲ್ಲ.

ತೀರ್ಮಾನವಾಗದೆ ಉಳಿದವು

ಮೊದಲನೆಯದಾಗಿ, ಕಂಡೆನ್ಸರಿನಲ್ಲಿ ಓಡುವ ಮೋಟರಿನ ಸಾಮರ್ಥ್ಯವನ್ನು ಒಟ್ಟು ಬಿಸಿಯಿಂದ ಅಳೆಯಬೇಕೋ ಅತಿ ಬಿಸಿಯಾದ ಸುರುಳಿಯಿಂದ ಅಳೆಯಬೇಕೋ ಎಂಬುದು ಬಗೆಹರಿದಿಲ್ಲ. ಸುರುಳಿಗಳ ನಡುವೆ ಶಾಖ ಎಷ್ಟು ಹಂಚಿಕೊಳ್ಳುತ್ತದೆ ಎಂಬುದು ಮೋಟರಿನ ರಚನೆಗೆ ತಕ್ಕಂತೆ ಬದಲಾಗುತ್ತದೆ. ನೀರಿನಲ್ಲಿ ಮುಳುಗಿದ ಮೋಟರಿಗೂ ಗಾಳಿಯಲ್ಲಿ ತಣಿಯುವ ಮೋಟರಿಗೂ ಒಂದೇ ಅಂಕಿ ಹೊಂದುವುದು ಕಷ್ಟ.

ಎರಡನೆಯದಾಗಿ, ವರ್ಷದ ವಿದ್ಯುತ್ ಖರ್ಚಿನಲ್ಲಿ ಯಾವುದು ಮೇಲು ಎಂಬುದು ಹೊರೆಯ ಮೇಲೆ ನಿಂತಿದೆ. ಹೊರೆ ಸ್ಥಿರವಾಗಿದ್ದು ಕಂಡೆನ್ಸರ್ ಸರಿಯಾಗಿ ಹೊಂದಿದ್ದರೆ ಡ್ರೈವಿನ ಒಳನಷ್ಟದಷ್ಟು ವಿದ್ಯುತ್ ಉಳಿಯುತ್ತದೆ. ಹೊರೆ ಬದಲಾದ ಕೂಡಲೇ ಆ ಉಳಿತಾಯ ರೋಟರಿನ ಬಿಸಿಯಲ್ಲಿ ಕರಗುತ್ತದೆ. ಮೂರನೆಯದಾಗಿ, ಹಳ್ಳಿಯೊಂದರಲ್ಲಿ ಹತ್ತಾರು ಒಂದು ಫೇಸಿನ ಡ್ರೈವುಗಳು ಒಟ್ಟಿಗೆ ಓಡಿದರೆ ಅವುಗಳ ತುಂಡು ಪ್ರವಾಹದ ಮೂರನೆಯ ಹಾರ್ಮೋನಿಕ್ ನ್ಯೂಟ್ರಲ್ ತಂತಿಯಲ್ಲಿ ಕೂಡಿಕೊಳ್ಳುತ್ತದೆ. ಆ ಹೊರೆಯ ಖರ್ಚನ್ನು ಬಳಕೆದಾರರು ಹೊರಬೇಕೋ ಕಂಪನಿ ಹೊರಬೇಕೋ ಎಂಬುದು ಇನ್ನೂ ಚರ್ಚೆಯಾಗಬೇಕಾದ ವಿಷಯ.

ಇವು ತೀರುವವರೆಗೆ ಒಂದು ಕೆಲಸವನ್ನಂತೂ ಕೂಡಲೇ ಮಾಡಬಹುದು. ಮೋಟರನ್ನು ಒಂದು ಫೇಸಿಗೆ ಬದಲಿಸಿ ಕೊಡುವ ವೈಂಡಿಂಗ್ ಅಂಗಡಿಯವರು ಹಳೆಯ ಫಲಕದ ಪಕ್ಕದಲ್ಲೇ ಇನ್ನೊಂದನ್ನು ಹಚ್ಚಿ, ಸಂಪರ್ಕ ಸ್ಟಾರೋ ಡೆಲ್ಟಾವೋ, ಕಂಡೆನ್ಸರ್ ಎಷ್ಟು, ಯಾವ ಹೊರೆಗೆ ಹೊಂದಿಸಿದ್ದು, ಮೂರು ಸುರುಳಿಗಳಲ್ಲಿ ಅಳೆದ ಪ್ರವಾಹ ಎಷ್ಟು ಎಂಬುದನ್ನು ಬರೆದು ಕೊಡಲಿ. ಮೋಟರ್ ಕೊಂಡೊಯ್ಯುವವರು ಅದಿಲ್ಲದೆ ಹಣ ಕೊಡದಿರಲಿ.